ರಜೆ ಅರ್ಜಿಗೆ ಐದಕ್ಕೆ ಮೂರೇ ಅಂಕ, ಎಲ್ಲಿ ತಪ್ಪಾಗಿದೆ ಹೇಳ್ತೀರಾ?

ಎಂಟನೇ ಕ್ಲಾಸಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳ ಕನ್ನಡ ವರ್ಕ್‌ಶೀಟ್ ನೆನ್ನೆ ತಿದ್ದಿ ಬಂತು. ಪತ್ರಲೇಖನಕ್ಕೆ ಐದಕ್ಕೆ ಮೂರು ಅಂಕ. ಕೆಂಪು ಪೆನ್ನಿನಲ್ಲಿ ನಾಲ್ಕು ಕಡೆ ಸುತ್ತು ಹಾಕಿದ್ದಾರೆ, ಒಂದು ಕಡೆ ಅಲೆ ಅಲೆಯಾಗಿ ಗೆರೆ ಎಳೆದಿದ್ದಾರೆ. ಯಾಕೆ ಅಂತ ಬರೆದಿಲ್ಲ. ಪ್ರಶ್ನೆ ಹೀಗಿತ್ತು:

"ನಿಮ್ಮನ್ನು ತಿಪಟೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿ ಓದುತ್ತಿರುವ ಕವಿತಾ ಎಂದು ಭಾವಿಸಿ, 16-2-2025ರ ಭಾನುವಾರ ಹಾಸನದಲ್ಲಿ ನಡೆಯುವ ಅಕ್ಕನ ಮದುವೆಗೆ ಹೋಗಲು ಮೂರು ದಿನಗಳ ರಜೆ ಕೋರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ."

ಅವಳು ಬರೆದದ್ದು ಇದು. ತಪ್ಪುಗಳನ್ನೂ ಇದ್ದ ಹಾಗೇ ಹಾಕಿದ್ದೇನೆ.

> ದಿನಾಂಕ: 20-2-2025
> ಸ್ಥಳ: ತಿಪಟೂರು
>
> ಇಂದ,
> ಕವಿತಾಳಿಂದ
> 8ನೇ ತರಗತಿ
> ಸರ್ಕಾರಿ ಪ್ರೌಢಶಾಲೆ, ತಿಪಟೂರು
>
> ಗೆ,
> ಮುಖ್ಯೋಪಾಧ್ಯಾಯರಿಗೆ
> ಸರ್ಕಾರಿ ಪ್ರೌಢಶಾಲೆ, ತಿಪಟೂರು
>
> ಮಾನ್ಯರೇ,
>
> ವಿಷಯ: ರಜೆಯ ಬಗ್ಗೆ.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ನನ್ನ ಅಕ್ಕನ ಮದುವೆಯು ಹಾಸನದಲ್ಲಿ ಭಾನುವಾರ ಇರುವುದರಿಂದ ನಾನು ಶುಕ್ರವಾರದಿಂದ ಸೋಮವಾರದವರೆಗೆ ಶಾಲೆಗೆ ಬರಲು ಆಗುವುದಿಲ್ಲವಾದ್ದರಿಂದ ನನಗೆ ನೀವು ಮೂರು ದಿನ ರಜೆ ಕೊಡಿ ಎಂದು ಕೇಳಿಕೊಳ್ಳುತ್ತಾ ಈ ಮೂಲಕ ವಿನಂತಿಸಿಕೊಳ್ಳುತ್ತಾ.
>
> ಧನ್ಯವಾದಗಳು
> ಇಂತಿ ತಮ್ಮ ವಿದೇಯ ವಿದ್ಯಾರ್ಥಿ
> ಕವಿತಾ

ಸುತ್ತು ಹಾಕಿರುವುದು ದಿನಾಂಕಕ್ಕೆ, "ಮುಖ್ಯೋಪಾಧ್ಯಾಯರಿಗೆ" ಅನ್ನುವುದಕ್ಕೆ, "ರಜೆಯ ಬಗ್ಗೆ" ಅನ್ನುವುದಕ್ಕೆ ಮತ್ತು "ವಿದೇಯ"ಕ್ಕೆ. ಅಲೆ ಗೆರೆ ಇರುವುದು ಆ ಉದ್ದದ ವಾಕ್ಯದ ಕೆಳಗೆ. ನನಗೆ ಅನ್ನಿಸಿದ್ದು, ಕಾರಣ ಇನ್ನೂ ವಿವರವಾಗಿ ಬರೆಯಬೇಕಿತ್ತೇನೋ ಅಂತ. ಅಕ್ಕನ ಮದುವೆ ಅಂದಮೇಲೆ ಇನ್ನೇನು ವಿವರ ಬೇಕು ಅನ್ನುತ್ತಾಳೆ ಮಗಳು. ಗೊತ್ತಿದ್ದವರು ಹೇಳಿ.

---

ಹಳೇ ಗುಮಾಸ್ತ

ಮೂವತ್ತು ವರ್ಷ ಕಚೇರಿಯಲ್ಲಿ ಪತ್ರ ಬರೆದವನು ನಾನು. ನೋಡಿದ ತಕ್ಷಣ ಗೊತ್ತಾಯಿತು. "ಉಲ್ಲೇಖ" ಎಲ್ಲಿ? "ಮೂಲಕ" ಎಲ್ಲಿ? ವಿಷಯದ ಕೆಳಗೆ ಉಲ್ಲೇಖ ಇಲ್ಲದಿದ್ದರೆ ಅದು ಅಧಿಕೃತ ಪತ್ರವೇ ಅಲ್ಲ. ಮದುವೆ ಆಮಂತ್ರಣ ಪತ್ರಿಕೆಯನ್ನು ಉಲ್ಲೇಖದಲ್ಲಿ ತೋರಿಸಿ, ಅದರ ಪ್ರತಿಯನ್ನು ಅಡಕದಲ್ಲಿ ಇಟ್ಟು, ತರಗತಿ ಶಿಕ್ಷಕರ ಮೂಲಕ ಕಳಿಸಬೇಕಿತ್ತು. ಆ ಎರಡು ಅಂಕ ಹೋಗಿದ್ದು ಅದಕ್ಕೇ.

---

ತುಂಗಾ ತೀರದವಳು

ಸರ್, ಎಂಟನೇ ಕ್ಲಾಸಿನ ಹುಡುಗಿಗೆ ಅಡಕ ಉಲ್ಲೇಖ ಎಲ್ಲಾ ಯಾಕೆ! ನಮ್ಮ ಮಗನ ಶಾಲೆಯಲ್ಲಿ ಪತ್ರವೇ ಬೇಕಿಲ್ಲ. ಕ್ಲಾಸ್ ಟೀಚರ್‌ಗೆ ಬೆಳಿಗ್ಗೆ ಎಂಟು ಗಂಟೆಯೊಳಗೆ ವಾಟ್ಸಾಪ್ ಮೆಸೇಜ್ ಹಾಕಿದರೆ ಸಾಕು. ಅಣ್ಣಾ, ನೀವೂ ಮೂರು ದಿನ ರಜೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನೇರವಾಗಿ ಹೋಗಿ ಮಾತಾಡಿ, ಮದುವೆಗೆ ಬೇಡ ಅನ್ನುವ ಹೆಡ್‌ಮಾಸ್ಟರ್ ಯಾರೂ ಇಲ್ಲ.

---

ಎಂಟನೇ ಕ್ಲಾಸಿನ ಅಪ್ಪ

ಅಕ್ಕಾ, ನಮ್ಮ ಮನೆಯಲ್ಲಿ ಮದುವೆ ಇಲ್ಲ. ಅವಳಿಗೆ ಅಕ್ಕನೂ ಇಲ್ಲ. ಇದು ವರ್ಕ್‌ಶೀಟಿನ ಪ್ರಶ್ನೆ. 😄

---

ತುಂಗಾ ತೀರದವಳು

ಅಯ್ಯೋ. ಹಾಸನಕ್ಕೆ ಹೋಗಿ ಬಂದಿರಾ ಅಂತ ಕೇಳೋಣ ಅಂತಿದ್ದೆ.

---

ಕನ್ನಡ ಟೀಚರ್

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ರಜೆ ಅರ್ಜಿಯನ್ನು ವರ್ಷಕ್ಕೆ ಕಡಿಮೆ ಅಂದರೂ ಇನ್ನೂರು ಸಲ ತಿದ್ದುತ್ತೇನೆ. ಈ ಪತ್ರ ತಿದ್ದಿದವರು ನನ್ನ ಸ್ನೇಹಿತರೂ ಅಲ್ಲ, ಆದರೆ ಆ ನಾಲ್ಕು ಸುತ್ತು, ಒಂದು ಅಲೆ ಗೆರೆ ನೋಡಿದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಬಹುದು.

ಮೊದಲು ಗುಮಾಸ್ತರ ಮಾತು. ಸರ್, "ಮೂಲಕ" ಬಗ್ಗೆ ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಕೆಲವು ಶಾಲೆಗಳಲ್ಲಿ "ಮೂಲಕ: ತರಗತಿ ಶಿಕ್ಷಕರು" ಅಂತ ಬರೆಸುತ್ತಾರೆ, ಬರೆದರೆ ಯಾರೂ ಅಂಕ ಕಳೆಯುವುದಿಲ್ಲ. ಉಲ್ಲೇಖ ಮಾತ್ರ ಇಲ್ಲಿಗೆ ಸೇರುವುದಲ್ಲ. ಹಿಂದೆ ಬಂದ ಯಾವುದೋ ಪತ್ರಕ್ಕೋ ಆದೇಶಕ್ಕೋ ಉತ್ತರ ಕೊಡುವಾಗ ಉಲ್ಲೇಖ ಬೇಕು. ಈ ಹುಡುಗಿ ಮೊದಲ ಸಲ ಬರೆಯುತ್ತಿದ್ದಾಳೆ, ಅವಳ ಹಿಂದೆ ಯಾವ ಪತ್ರವೂ ಇಲ್ಲ. ಇಲ್ಲದ ಉಲ್ಲೇಖ ಹಾಕಲು ಹೋಗಿ ಮಕ್ಕಳು "ಉಲ್ಲೇಖ: ಇಲ್ಲ" ಅಂತ ಬರೆದದ್ದೂ ನೋಡಿದ್ದೇನೆ.

ಈಗ ದಿನಾಂಕ. ನನ್ನ ಊಹೆ, ವರ್ಕ್‌ಶೀಟ್ ಕೊಟ್ಟಿದ್ದು ಫೆಬ್ರವರಿ 20ಕ್ಕೆ. ಅವಳು ಆ ದಿನದ ತಾರೀಖನ್ನೇ ಹಾಕಿದ್ದಾಳೆ. ಪ್ರತಿದಿನ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಕುವ ಅಭ್ಯಾಸ, ಪತ್ರಕ್ಕೂ ಬಂದುಬಿಟ್ಟಿದೆ. ಆದರೆ ಈ ಪತ್ರ ಬರೆಯುತ್ತಿರುವುದು ಅವಳಲ್ಲ, ಕವಿತಾ. ಕವಿತಾಳ ಅಕ್ಕನ ಮದುವೆ 16ಕ್ಕೆ. ಮದುವೆ ಮುಗಿದು ನಾಲ್ಕು ದಿನ ಆದಮೇಲೆ "ಮದುವೆಗೆ ಹೋಗಬೇಕು, ರಜೆ ಕೊಡಿ" ಅಂದ ಹಾಗಾಯಿತು. ತಿದ್ದುವವರು ಮೊದಲು ನೋಡುವುದೇ ಇದನ್ನು, ಯಾಕೆಂದರೆ ಪತ್ರದ ಉಳಿದ ಭಾಗ ಬಾಯಿಪಾಠ ಮಾಡಿ ಬರೆಯಬಹುದು. ತಾರೀಖನ್ನು ಮಾತ್ರ ಪ್ರಶ್ನೆ ಓದಿಯೇ ಹಾಕಬೇಕು. 11 ಅಥವಾ 12ನೇ ತಾರೀಖು ಹಾಕಿದ್ದರೆ ಸರಿಯಾಗುತ್ತಿತ್ತು.

---

ಎಂಟನೇ ಕ್ಲಾಸಿನ ಅಪ್ಪ

ಹೌದು ಮೇಡಂ, ಟೆಸ್ಟ್ ನಡೆದಿದ್ದು 20ಕ್ಕೇ. ಇದು ನನಗೂ ಹೊಳೆಯಲಿಲ್ಲ ನೋಡಿ. ಅವಳಿಗೆ ಹೇಳಿದೆ. "ಸುಳ್ಳು ಡೇಟ್ ಹಾಕಬಹುದಾ?" ಅಂತ ಕೇಳಿದಳು. ಸುಳ್ಳು ಹೆಸರು ಹಾಕಿದ್ದೀಯಲ್ಲ ಅಂದೆ.

"ಮುಖ್ಯೋಪಾಧ್ಯಾಯರಿಗೆ" ಅನ್ನುವುದರಲ್ಲಿ ಏನು ತಪ್ಪು? ಪತ್ರ ಅವರಿಗೇ ತಾನೇ?

---

ಕನ್ನಡ ಟೀಚರ್

ಮೇಲೆ "ಗೆ," ಅಂತ ಒಂದು ಸಾಲು ಇದೆಯಲ್ಲ, ಅದೇ ಆ "ಗೆ". ಕೆಳಗೆ "ಮುಖ್ಯೋಪಾಧ್ಯಾಯರು" ಅಂತ ಬರೆದರೆ ಎರಡೂ ಸೇರಿ "ಮುಖ್ಯೋಪಾಧ್ಯಾಯರಿಗೆ" ಆಗುತ್ತದೆ. ಅವಳು ಮೇಲೆ ಒಂದು ಗೆ, ಕೆಳಗೆ ಇನ್ನೊಂದು ಗೆ ಹಾಕಿದ್ದಾಳೆ. "ಇಂದ," ಕೆಳಗೆ "ಕವಿತಾಳಿಂದ" ಅನ್ನುವುದೂ ಅದೇ ತಪ್ಪು, ಸುತ್ತು ಬಿದ್ದಿಲ್ಲ ಅಷ್ಟೆ. ತಿದ್ದುವಾಗ ಒಂದೇ ತಪ್ಪಿಗೆ ಎರಡು ಸಲ ಸುತ್ತು ಹಾಕುವುದಿಲ್ಲ, ನಾನಂತೂ ಹಾಕುವುದಿಲ್ಲ.

---

ಪದಬಂಧ

ನನಗೆ ಈ "ಇಂದ", "ಗೆ" ನೋಡಿದರೆ ಯಾವಾಗಲೂ ನಗು ಬರುತ್ತದೆ. ವಿಭಕ್ತಿ ಪ್ರತ್ಯಯ ಒಂಟಿಯಾಗಿ ಒಂದು ಸಾಲಿನಲ್ಲಿ ನಿಂತಿರುವುದು ಕನ್ನಡದಲ್ಲಿ ಬೇರೆ ಎಲ್ಲಾದರೂ ಇದೆಯಾ? ನಾಮಪದ ಬಂದಮೇಲೆ ತಾನೇ ಪ್ರತ್ಯಯ ಬರಬೇಕು. ಇಲ್ಲಿ ಪ್ರತ್ಯಯ ಮೊದಲು ಬಂದು ಬಾಗಿಲಲ್ಲಿ ಕಾಯುತ್ತಾ ನಿಂತಿದೆ. ಇಂಗ್ಲಿಷಿನ ಫ್ರಮ್, ಟು ನೋಡಿ ಯಾರೋ ಹೀಗೆ ಇಟ್ಟುಬಿಟ್ಟರು ಅನ್ನಿಸುತ್ತದೆ. "ಇವರಿಂದ", "ಇವರಿಗೆ" ಅಂದರೆ ಎಷ್ಟು ಚೆಂದ. ಮಕ್ಕಳೂ ಎರಡೆರಡು ಸಲ ಹಾಕುವುದಿಲ್ಲ.

---

ಕನ್ನಡ ಟೀಚರ್

ನಿಮ್ಮ ಮಾತು ಒಪ್ಪುತ್ತೇನೆ. ಮಕ್ಕಳು ಎರಡು ಸಲ ಹಾಕುವುದು ಅವರಿಗೆ ಕನ್ನಡ ಬರುತ್ತದೆ ಅನ್ನುವುದಕ್ಕೇ ಗುರುತು. ನಾಮಪದಕ್ಕೆ ಪ್ರತ್ಯಯ ಹತ್ತದಿದ್ದರೆ ಅವರ ಕಿವಿಗೆ ಹಿತ ಆಗುವುದಿಲ್ಲ. "ಇವರಿಗೆ" ಅಂತ ಬರೆದವರಿಗೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಆದರೆ ಎಲ್ಲರೂ ಕೊಡುತ್ತಾರೆ ಅಂತ ಹೇಳಲಾರೆ, ಅದಕ್ಕೇ ಕ್ಲಾಸಿನಲ್ಲಿ "ಇಂದ", "ಗೆ" ಅಂತಲೇ ಬರೆಸುತ್ತೇನೆ.

"ಮಾನ್ಯರೇ" ಅವಳು ಸರಿಯಾಗಿ ಬರೆದಿದ್ದಾಳೆ. ಮುಖ್ಯಸ್ಥರು ಹೆಂಗಸಾದರೂ ಗಂಡಸಾದರೂ ಈ ಒಂದು ಪದ ಸಾಕಾಗುತ್ತದೆ. ಕೊನೆಯಲ್ಲಿ ಮಾತ್ರ ಕವಿತಾ ಹುಡುಗಿ ಆಗಿರುವುದರಿಂದ "ವಿದ್ಯಾರ್ಥಿನಿ" ಅಂತ ಬರೆದರೆ ವಾಸಿ. ಮತ್ತೆ "ವಿದೇಯ" ಅಲ್ಲ, "ವಿಧೇಯ". ಮಾತಾಡುವಾಗ ಧ ಮತ್ತು ದ ಒಂದೇ ಥರ ಕೇಳುತ್ತದೆ, ಅದಕ್ಕೇ ಈ ಪದ ಹೆಚ್ಚು ತಪ್ಪುತ್ತದೆ. ಹಳೇ ಕಾಪಿಗಳಲ್ಲಿ "ವಿಧೆಯ"ವನ್ನೂ ನೋಡಿದ್ದೇನೆ.

---

ಎಂಟನೇ ಕ್ಲಾಸಿನ ಅಪ್ಪ

ಇದನ್ನು ಓದಿ ಹೇಳುತ್ತಿದ್ದಾಗ ಮಗಳು ಒಂದು ಪ್ರಶ್ನೆ ಕೇಳಿದಳು. "ಇಂತಿ ತಮ್ಮ ಅಂದ್ರೆ ನಾನು ಹೆಡ್‌ಮಾಸ್ಟರ್‌ಗೆ ತಮ್ಮನಾ ಅಪ್ಪಾ? ಹುಡುಗಿ ಆದ್ರೆ ಇಂತಿ ತಂಗಿ ಅಂತ ಬರೀಬೇಕಾ?" ಅಂತ. ಮೂರು ವರ್ಷದಿಂದ ಹಾಗೇ ಅಂದುಕೊಂಡು ಬರೆಯುತ್ತಿದ್ದಳಂತೆ.

---

ತುಂಗಾ ತೀರದವಳು

ಮುದ್ದು ಹುಡುಗಿ. ಇದಕ್ಕೇ ಇನ್ನೊಂದು ಅಂಕ ಕೊಟ್ಟುಬಿಡಿ ಮೇಡಂ.

---

ಕನ್ನಡ ಟೀಚರ್

ಕೊಟ್ಟೆ! ಆದರೆ ಅವಳ ಪ್ರಶ್ನೆಯಲ್ಲಿ ಒಂದು ಮುಖ್ಯ ವಿಷಯ ಇದೆ. ಇಲ್ಲಿ "ತಮ್ಮ" ಅಂದರೆ "ನಿಮ್ಮ" ಅನ್ನುವುದರ ಮರ್ಯಾದೆಯ ರೂಪ. ಅವಳು "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿ ನಡುವೆ "ನೀವು ರಜೆ ಕೊಡಿ" ಅಂದಿದ್ದಾಳೆ. ಕೊನೆಗೆ ಮತ್ತೆ "ತಮ್ಮ". ಒಂದೇ ಪತ್ರದಲ್ಲಿ ಎರಡು ಮರ್ಯಾದೆ ಬಂತು. "ತಾವು" ಅಂತ ಶುರು ಮಾಡಿದರೆ ಕೊನೆಯವರೆಗೂ ತಾವು, ತಮ್ಮ. "ಕೊಡಿ" ಬದಲು "ನೀಡಬೇಕೆಂದು". ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದರೆ ನಡುವೆ ಅವರ ಸ್ವಂತ ಮಾತು ನುಗ್ಗುತ್ತದೆ, ಅಲ್ಲಿ ಹೊಲಿಗೆ ಕಾಣಿಸುತ್ತದೆ.

ಇನ್ನು ಆ ಅಲೆ ಗೆರೆ. ನನ್ನ ಪ್ರಕಾರ ಅಂಕ ಹೆಚ್ಚು ಹೋಗಿರುವುದು ಅಲ್ಲೇ. "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂದ ತಕ್ಷಣ ಓದುವವರು "ಏನು?" ಅಂತ ಕಾಯುತ್ತಾರೆ. ಅಲ್ಲಿ ವಿನಂತಿ ಬರಬೇಕು. ಬಂದದ್ದು ಏನು? ಅಕ್ಕನ ಮದುವೆ. ಅದು ಕಾರಣ, ವಿನಂತಿ ಅಲ್ಲ. ವಿನಂತಿ ಬರುವ ಹೊತ್ತಿಗೆ "ಇರುವುದರಿಂದ", "ಆಗುವುದಿಲ್ಲವಾದ್ದರಿಂದ" ಅಂತ ಎರಡು ಮೆಟ್ಟಿಲು ದಾಟಿ, ಶುರುವಿನ "ಏನೆಂದರೆ" ಮರೆತೇ ಹೋಗಿದೆ. ಅದಕ್ಕೇ ಕೊನೆಗೆ ಇನ್ನೊಂದು ಸಲ "ವಿನಂತಿಸಿಕೊಳ್ಳುತ್ತಾ" ಅಂತ ಸೇರಿಸಿದ್ದಾಳೆ. ಅದೂ ಮುಗಿದಿಲ್ಲ. "ವಿನಂತಿಸಿಕೊಳ್ಳುತ್ತಾ" ಏನು ಮಾಡಿದಳು? ಕ್ರಿಯಾಪದವೇ ಬರಲಿಲ್ಲ, ಪೂರ್ಣವಿರಾಮ ಬಂತು.

---

ಹಳೇ ಗುಮಾಸ್ತ

ಇಲ್ಲಿ ನಾನು ತಕರಾರು ತೆಗೆಯುತ್ತೇನೆ ಮೇಡಂ. "ಎಂದು ಕೋರುತ್ತಾ" ಅಂತ ಬಿಟ್ಟು, ಕೆಳಗಿನ ಸಾಲಿನಲ್ಲಿ "ಇಂತಿ ತಮ್ಮ ವಿಧೇಯ" ಅಂತ ಸಹಿ ಹಾಕುವುದು ಹಳೇ ಕ್ರಮ. ನಮ್ಮ ತಂದೆಯವರೂ ಹಾಗೇ ಬರೆಯುತ್ತಿದ್ದರು. ವಾಕ್ಯ ಸಹಿಯವರೆಗೂ ಹರಿದು ಅಲ್ಲಿ ಮುಗಿಯುತ್ತದೆ. ಅದನ್ನು ತಪ್ಪು ಅನ್ನಬೇಡಿ.

---

ಕನ್ನಡ ಟೀಚರ್

ನೀವು ಹೇಳುವ ರೂಪ ನನಗೂ ಗೊತ್ತು ಸರ್. ಅಲ್ಲಿ "ಕೋರುತ್ತಾ" ಆದಮೇಲೆ ಅಲ್ಪವಿರಾಮ ಇರುತ್ತದೆ, ತಕ್ಷಣ ಕೆಳಗೆ "ಇಂತಿ" ಬರುತ್ತದೆ. ಇವಳು ನಡುವೆ ಪೂರ್ಣವಿರಾಮ ಇಟ್ಟು, "ಧನ್ಯವಾದಗಳು" ಅಂತ ಇನ್ನೊಂದು ಸಾಲು ಹಾಕಿದ್ದಾಳೆ. ಹರಿವು ಅಲ್ಲಿಗೇ ನಿಂತಿತು. ನಾನು ಮಕ್ಕಳಿಗೆ "ಕೋರುತ್ತೇನೆ" ಅಂತ ಮುಗಿಸಿ ಅನ್ನುತ್ತೇನೆ. ಯಾರಾದರೂ "ಕೋರುತ್ತಾ," ಅಂತ ಸರಿಯಾಗಿ ಬರೆದರೆ ಅಂಕ ಕಳೆಯುವುದಿಲ್ಲ.

---

ಹಳೇ ಗುಮಾಸ್ತ

ಪೂರ್ಣವಿರಾಮ ನಾನು ಗಮನಿಸಿರಲಿಲ್ಲ. ಆದರೂ ಹಳೇ ಕ್ರಮವೇ ಚೆಂದ.

---

ಪದಬಂಧ

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನುವ ಸಾಲೇ ತೆಗೆದುಬಿಟ್ಟರೆ? ಒಂದು ಸಾಲು ಮೇಲೆ ವಿಷಯ ಬರೆದಿದೆ. ಹೆಡ್‌ಮಾಸ್ಟರ್‌ಗೆ ಮರೆತು ಹೋಗುತ್ತದಾ?

---

ಕನ್ನಡ ಟೀಚರ್

ತೆಗೆದರೂ ಪತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಆ ಸಾಲು ಮಕ್ಕಳಿಗೆ ಒಂದು ಹಿಡಿಗೋಲು. ಮೊದಲ ವಾಕ್ಯ ಏನು ಬರೆಯಲಿ ಅಂತ ಪೆನ್ನು ಕಚ್ಚುತ್ತಾ ಕೂರುವ ಹುಡುಗರಿಗೆ ಅದು ಬೇಕು. ನಾನು ಹೇಳುವುದು, ಆ ಸಾಲು ಇಟ್ಟುಕೊಳ್ಳಿ, ಆದರೆ "ಏನೆಂದರೆ" ಬೇಡ. ಮೂರು ಚಿಕ್ಕ ವಾಕ್ಯ ಮಾಡಿ. ಒಂದರಲ್ಲಿ ಮದುವೆ ಯಾವಾಗ, ಎಲ್ಲಿ. ಇನ್ನೊಂದರಲ್ಲಿ ಯಾವ ದಿನ ಬರಲಾಗುವುದಿಲ್ಲ. ಮೂರನೆಯದರಲ್ಲಿ ರಜೆ ಕೊಡಿ ಅನ್ನುವ ಕೋರಿಕೆ. ಬೇಕಾದರೆ ನಾಲ್ಕನೆಯದಾಗಿ, ಆ ದಿನಗಳ ಪಾಠವನ್ನು ಗೆಳತಿಯಿಂದ ಬರೆದುಕೊಳ್ಳುತ್ತೇನೆ ಅಂತ. ಅದನ್ನು ನಾನು ಕೇಳುವುದಿಲ್ಲ, ಬರೆದರೆ ಖುಷಿ.

---

ಮಲ್ಲಿಗೆ ಮೊಗ್ಗು

ಮೇಡಂ, ನನ್ನ ಮಗನಿಗೂ ನಾಳಿದ್ದು ಪರೀಕ್ಷೆ. ಒಂದು ಅನುಮಾನ. ಶುಕ್ರವಾರದಿಂದ ಸೋಮವಾರದವರೆಗೆ ಅಂದರೆ ನಾಲ್ಕು ದಿನ ಆಗುತ್ತದಲ್ಲ? ಪ್ರಶ್ನೆಯಲ್ಲಿ ಮೂರು ದಿನ ಅಂತಿದೆ. ಅಂಕ ಹೋಗಿದ್ದು ಅದಕ್ಕೂ ಇರಬಹುದಾ?

---

ಎಂಟನೇ ಕ್ಲಾಸಿನ ಅಪ್ಪ

ನಡುವೆ ಭಾನುವಾರ ಬಂತಲ್ಲ, ಅದಕ್ಕೆ ಮೂರೇ ಅಂದಳು ಅವಳು. ಭಾನುವಾರಕ್ಕೆ ಯಾರು ರಜೆ ಕೇಳುತ್ತಾರೆ?

---

ಹಳೇ ಗುಮಾಸ್ತ

ನಮ್ಮ ಕಚೇರಿಯಲ್ಲಿ ಸಾಂದರ್ಭಿಕ ರಜೆಗೆ ನಡುವಿನ ಭಾನುವಾರ ಲೆಕ್ಕಕ್ಕಿಲ್ಲ. ಗಳಿಕೆ ರಜೆ ಆದರೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಯಾವ ರಜೆ ಅಂತ ಮೊದಲು ಸ್ಪಷ್ಟ ಮಾಡಬೇಕು.

---

ಪದಬಂಧ

ಎಂಟನೇ ಕ್ಲಾಸಿನ ಕವಿತಾಗೆ ಗಳಿಕೆ ರಜೆ ಎಷ್ಟು ಉಳಿದಿದೆ ನೋಡಿ ಸರ್ ಸ್ವಲ್ಪ.

---

ಕನ್ನಡ ಟೀಚರ್

😄 ಈ ಭಾನುವಾರದ ವಿಷಯಕ್ಕೆ ನಮ್ಮ ಸ್ಟಾಫ್‌ರೂಮಿನಲ್ಲೇ ಜಗಳ ಆಗಿದೆ. "14ರಿಂದ 17ರವರೆಗೆ ಮೂರು ದಿನ" ಅಂತ ಬರೆದರೆ ಲೆಕ್ಕ ತಪ್ಪು, ಅಂಕ ಕಳೆಯಬೇಕು ಅನ್ನುವವರು ಇದ್ದಾರೆ. ಮಗು ಭಾನುವಾರ ಬಿಟ್ಟು ಲೆಕ್ಕ ಹಾಕಿದೆ, ಅದು ಜಾಣತನ ಅನ್ನುವವರೂ ಇದ್ದಾರೆ. ನಾನು ಎರಡನೆಯ ಕಡೆ. ಆದರೆ ಯಾರ ಕೈಗೆ ಪೇಪರ್ ಹೋಗುತ್ತದೋ ಗೊತ್ತಿಲ್ಲವಲ್ಲ. ಅದಕ್ಕೆ ದಾರಿ ಒಂದೇ, "ರಿಂದ ವರೆಗೆ" ಬಿಟ್ಟು ದಿನಗಳನ್ನೇ ಎಣಿಸಿ ಬರೆಯುವುದು. "14, 15 ಮತ್ತು 17ನೇ ತಾರೀಖು, ಒಟ್ಟು ಮೂರು ದಿನ". ಭಾನುವಾರ ತಾನಾಗಿಯೇ ಹೊರಗೆ ಉಳಿಯುತ್ತದೆ.

ಭಾನುವಾರ ಬಾರದ ಪ್ರಶ್ನೆಯಲ್ಲೂ ಈ ಎಣಿಕೆ ತಪ್ಪುತ್ತದೆ. 10ರಿಂದ 12ರವರೆಗೆ ಎಷ್ಟು ದಿನ ಅಂದರೆ ಅರ್ಧ ಕ್ಲಾಸು "ಎರಡು" ಅನ್ನುತ್ತದೆ, ಹನ್ನೆರಡರಲ್ಲಿ ಹತ್ತು ಕಳೆದುಬಿಡುತ್ತಾರೆ. ಬೆರಳು ಮಡಿಸಿ ಎಣಿಸಿದರೆ ಮೂರು.

---

ಮಲ್ಲಿಗೆ ಮೊಗ್ಗು

ಶನಿವಾರ ಬೆಳಗಿನ ಕ್ಲಾಸು ಮಾತ್ರ ಇರುತ್ತದಲ್ಲ ಮೇಡಂ. ಹಾಗಾದರೆ ಎರಡೂವರೆ ದಿನ ಅಂತ ಬರೆಯಬೇಕಾ?

---

ಕನ್ನಡ ಟೀಚರ್

ಬೇಡ ಬೇಡ. ಪ್ರಶ್ನೆಯಲ್ಲಿ ಮೂರು ಅಂತ ಕೊಟ್ಟಿದ್ದಾರೆ, ಮೂರನ್ನು ಮುಟ್ಟಬೇಡಿ. ಪ್ರಶ್ನೆಯಲ್ಲಿ ಕೊಟ್ಟ ಹೆಸರು, ಊರು, ತರಗತಿ, ದಿನ ಯಾವುದನ್ನೂ ಬದಲಾಯಿಸಬಾರದು. ತಮ್ಮ ಸ್ವಂತ ಹೆಸರನ್ನೂ ಶಾಲೆಯ ಹೆಸರನ್ನೂ ಬರೆಯುವ ಮಕ್ಕಳು ಎಷ್ಟೋ ಜನ. ಪ್ರಶ್ನೆಯಲ್ಲಿ ಕೊಡದೇ ಇರುವುದನ್ನು ಮಾತ್ರ ನಾವು ಸೇರಿಸಬಹುದು. ಇಲ್ಲಿ ಕೊಡದೇ ಇರುವುದು ಮೂರು ದಿನ ಯಾವುವು ಅನ್ನುವುದು, ಮತ್ತು ಪತ್ರದ ತಾರೀಖು.

---

ತುಂಗಾ ತೀರದವಳು

ಸೋಮವಾರ ಯಾಕೆ ಬೇಕು ರಜೆ? ಮದುವೆ ಭಾನುವಾರ ಮುಗಿಯಿತಲ್ಲ. ಗುರುವಾರ, ಶುಕ್ರವಾರ, ಶನಿವಾರ ತೆಗೆದುಕೊಂಡರೆ ಈ ಭಾನುವಾರದ ತಲೆನೋವೇ ಇರುತ್ತಿರಲಿಲ್ಲ.

---

ಎಂಟನೇ ಕ್ಲಾಸಿನ ಅಪ್ಪ

ಕೇಳಿದೆ ಅಕ್ಕಾ. "ಸೋಮವಾರ ಬೀಗರ ಔತಣ ಇರಲ್ವಾ?" ಅಂದಳು. ಬೀಗರೂಟ ಬಿಟ್ಟು ಬರುವ ಪ್ರಶ್ನೆಯೇ ಇಲ್ಲವಂತೆ. ಇಲ್ಲದ ಅಕ್ಕನ ಮದುವೆಗೆ ಇಷ್ಟು ಯೋಚನೆ.

---

ಕನ್ನಡ ಟೀಚರ್

ಹಾಗಾದರೆ ಅದನ್ನೇ ಪತ್ರದಲ್ಲಿ ಬರೆಯಬೇಕಿತ್ತು! ನೀವು ಮೊದಲಿಗೆ ಕಾರಣ ಸಾಲದಾಯಿತೇನೋ ಅಂದಿರಲ್ಲ, ಅದು ಒಂದು ರೀತಿಯಲ್ಲಿ ನಿಜ. ಕಾರಣ ಉದ್ದ ಆಗಬೇಕಿಲ್ಲ, ಆದರೆ ಕೇಳಿದ ಪ್ರತಿ ದಿನಕ್ಕೂ ಉತ್ತರ ಇರಬೇಕು. ಶುಕ್ರವಾರ, ಶನಿವಾರ ಚಪ್ಪರ, ಅರಿಶಿನ. ಸೋಮವಾರ ಬೀಗರ ಔತಣ. ಒಂದೇ ಒಂದು ಪದಪುಂಜ ಸಾಕು.

ಸರಿ, ನಾನು ಬರೆದರೆ ಹೀಗೆ ಬರೆಯುತ್ತೇನೆ. ಇದೊಂದೇ ಸರಿ ಅಂತಲ್ಲ.

> ಇಂದ,
> ಕವಿತಾ
> 8ನೇ ತರಗತಿ
> ಸರ್ಕಾರಿ ಪ್ರೌಢಶಾಲೆ
> ತಿಪಟೂರು
>
> ಗೆ,
> ಮುಖ್ಯೋಪಾಧ್ಯಾಯರು
> ಸರ್ಕಾರಿ ಪ್ರೌಢಶಾಲೆ
> ತಿಪಟೂರು
>
> ಮಾನ್ಯರೇ,
>
> ವಿಷಯ: ಅಕ್ಕನ ಮದುವೆಯ ಸಲುವಾಗಿ ಮೂರು ದಿನಗಳ ರಜೆ ಕೋರಿ.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಅಕ್ಕನ ಮದುವೆಯು ದಿನಾಂಕ 16-2-2025ರ ಭಾನುವಾರ ಹಾಸನದಲ್ಲಿ ನಡೆಯಲಿದೆ. ಮದುವೆಯ ಹಿಂದಿನ ಶಾಸ್ತ್ರಗಳಿಗೂ ಮರುದಿನದ ಬೀಗರ ಔತಣಕ್ಕೂ ನಾನು ಮನೆಯವರ ಜೊತೆ ಅಲ್ಲಿಯೇ ಇರಬೇಕಾಗಿದೆ. ಹೀಗಾಗಿ ದಿನಾಂಕ 14-2-2025, 15-2-2025 ಮತ್ತು 17-2-2025ರಂದು ಶಾಲೆಗೆ ಬರಲು ಸಾಧ್ಯವಾಗುವುದಿಲ್ಲ. ದಯವಿಟ್ಟು ನನಗೆ ಈ ಮೂರು ದಿನಗಳ ರಜೆಯನ್ನು ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಆ ದಿನಗಳ ಪಾಠಗಳನ್ನು ಗೆಳತಿಯ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತೇನೆ.
>
> ವಂದನೆಗಳೊಂದಿಗೆ,
>
> ಸ್ಥಳ: ತಿಪಟೂರು
> ದಿನಾಂಕ: 12-2-2025
>
> ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
> ಕವಿತಾ

ವಿಷಯದ ಸಾಲು ನೋಡಿ. "ರಜೆಯ ಬಗ್ಗೆ" ಅಂದರೆ ಬೇಸಿಗೆ ರಜೆಯ ಬಗ್ಗೆಯೂ ಆಗಬಹುದು, ದಸರಾ ರಜೆಯ ಬಗ್ಗೆಯೂ ಆಗಬಹುದು. ಮೇಜಿನ ಮೇಲೆ ಹತ್ತು ಪತ್ರ ಇದ್ದರೆ ವಿಷಯ ಒಂದನ್ನೇ ಓದಿ ಇದು ಏನು ಅಂತ ಗೊತ್ತಾಗಬೇಕು. ಆ ಸಾಲಿನಲ್ಲಿ ವಾಕ್ಯ ಪೂರ್ತಿ ಮಾಡಬೇಕಿಲ್ಲ, "ಕೋರಿ" ಅಥವಾ "ಕುರಿತು" ಅಂತ ನಿಲ್ಲಿಸಿದರೆ ಸಾಕು.

ಅಂಕ ನಾನು ಹಂಚುವುದು ಹೀಗೆ: ವಿಳಾಸ, ಸಂಬೋಧನೆಗೆ ಒಂದು, ವಿಷಯಕ್ಕೆ ಒಂದು, ಒಡಲಿಗೆ ಎರಡು, ಮುಕ್ತಾಯ, ಸ್ಥಳ, ದಿನಾಂಕಕ್ಕೆ ಒಂದು. ನಿಮ್ಮ ಶಾಲೆಯಲ್ಲಿ ಬೇರೆ ಇರಬಹುದು. ಅವಳ ಪತ್ರ ನನ್ನ ಕೈಗೆ ಬಂದಿದ್ದರೂ ಮೂರು ಅಂಕವೇ ಬರುತ್ತಿತ್ತು, ಮೂರೂವರೆ ಕೊಡಲು ಮನಸ್ಸು ಮಾಡುತ್ತಿದ್ದೆ.

---

ಕಾಸರಗೋಡಿನಿಂದ

ಮೇಡಂ, ನೀವು ಸ್ಥಳ ದಿನಾಂಕ ಕೆಳಗೆ ಹಾಕಿದ್ದೀರಿ. ಹುಡುಗಿ ಮೇಲೆ ಹಾಕಿದ್ದಾಳೆ. ನಾವು ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು, ನಮಗೆ ಬಲಗಡೆ ಮೇಲೆ ಮೂಲೆಯಲ್ಲಿ ಹಾಕಲು ಕಲಿಸಿದ್ದರು. ಯಾವುದು ಸರಿ?

---

ಕನ್ನಡ ಟೀಚರ್

ಮೇಲೆ ಬಲಗಡೆ ಹಾಕುವುದನ್ನೂ ನೋಡಿದ್ದೇನೆ, ಕೆಳಗೆ ಎಡಗಡೆ ಹಾಕುವುದನ್ನೂ ನೋಡಿದ್ದೇನೆ. ಈಗ ಎಲ್ಲವನ್ನೂ ಎಡಗಡೆಯೇ ಸಾಲಾಗಿ ಬರೆಸುವವರೂ ಇದ್ದಾರೆ. ಎರಡೂ ಕಡೆ ಹಾಕಬಾರದು ಅನ್ನುವುದಷ್ಟೇ ನಾನು ಹೇಳಬಲ್ಲೆ. ಕೆಲವರು ಮೇಲೊಂದು ತಾರೀಖು, ಕೆಳಗೊಂದು ತಾರೀಖು ಹಾಕುತ್ತಾರೆ, ಎರಡೂ ಬೇರೆ ಬೇರೆ ಆಗಿರುತ್ತವೆ.

---

ಹಳೇ ಗುಮಾಸ್ತ

ಕಚೇರಿ ಪತ್ರದಲ್ಲಿ ದಿನಾಂಕ ಮೇಲೆಯೇ. ಇದರಲ್ಲಿ ನಾನು ಬಿಟ್ಟುಕೊಡುವುದಿಲ್ಲ.

---

ಕಾಸರಗೋಡಿನಿಂದ

ನನ್ನದು ಗುಮಾಸ್ತರ ಪಕ್ಷ.

---

ಮಲ್ಲಿಗೆ ಮೊಗ್ಗು

ಒಂದು ಕೊನೆ ಪ್ರಶ್ನೆ ಮೇಡಂ. ಮಗನ ವರ್ಕ್‌ಶೀಟಿನಲ್ಲಿ ಮದುವೆ ಅಲ್ಲ, "ಜ್ವರದಿಂದ ಎರಡು ದಿನ ಶಾಲೆಗೆ ಬರದೇ ಇದ್ದುದಕ್ಕೆ" ಅಂತ ಇದೆ. ಅವನು ಮದುವೆ ಪತ್ರವನ್ನೇ ಬಾಯಿಪಾಠ ಮಾಡಿ, ಮದುವೆ ಇದ್ದ ಕಡೆ ಜ್ವರ ಹಾಕುತ್ತೇನೆ ಅನ್ನುತ್ತಿದ್ದಾನೆ. ಸಾಕಾಗುತ್ತದಾ?

---

ಪದಬಂಧ

"ನನ್ನ ಜ್ವರವು ದಿನಾಂಕ 16ರ ಭಾನುವಾರ ಹಾಸನದಲ್ಲಿ ನಡೆಯಲಿದೆ."

---

ಕನ್ನಡ ಟೀಚರ್

ನಗಬೇಡಿ, ಇಂಥದ್ದು ನಿಜವಾಗಿಯೂ ಬಂದಿದೆ. "ನನಗೆ ಮುಂದಿನ ವಾರ ಜ್ವರ ಬರುವುದರಿಂದ" ಅಂತ ಒಬ್ಬ ಬರೆದಿದ್ದ.

ಮದುವೆ ಮುಂದೆ ಬರುವುದು, ಅದಕ್ಕೆ ಮೊದಲೇ ಕೇಳುತ್ತೇವೆ. ಜ್ವರ ಬಂದು ಹೋಗಿದೆ, ವಾಸಿಯಾಗಿ ಶಾಲೆಗೆ ಬಂದ ದಿನ ಬರೆಯುತ್ತಿದ್ದೇವೆ. ಆದ್ದರಿಂದ ಪತ್ರದ ತಾರೀಖು ರಜೆಯ ದಿನಗಳ ನಂತರ ಇರಬೇಕು, ಮದುವೆ ಪತ್ರಕ್ಕೆ ಉಲ್ಟಾ. ಕ್ರಿಯಾಪದಗಳೂ ಉಲ್ಟಾ. 5-3-2025ಕ್ಕೆ ಬರೆಯುತ್ತಿದ್ದಾನೆ ಅಂದುಕೊಳ್ಳಿ:

> ವಿಷಯ: ಜ್ವರದ ಕಾರಣ ಎರಡು ದಿನ ಗೈರುಹಾಜರಾದುದನ್ನು ಮನ್ನಿಸಿ ರಜೆ ನೀಡುವಂತೆ ಕೋರಿ.
>
> ದಿನಾಂಕ 3-3-2025 ಮತ್ತು 4-3-2025ರಂದು ನನಗೆ ಜ್ವರ ಬಂದಿದ್ದರಿಂದ ಶಾಲೆಗೆ ಬರಲು ಸಾಧ್ಯವಾಗಲಿಲ್ಲ. ಈಗ ಗುಣಮುಖನಾಗಿದ್ದೇನೆ. ಆ ಎರಡು ದಿನಗಳ ಗೈರುಹಾಜರಿಯನ್ನು ಮನ್ನಿಸಿ ರಜೆ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

"ಸಾಧ್ಯವಾಗುವುದಿಲ್ಲ" ಅಲ್ಲ, "ಸಾಧ್ಯವಾಗಲಿಲ್ಲ". ಉಳಿದ ಚೌಕಟ್ಟು ಹಾಗೇ ಇರಲಿ. ಪ್ರಶ್ನೆಯಲ್ಲಿ "ಬರದೇ ಇದ್ದುದಕ್ಕೆ" ಅಂತಿದೆಯೋ "ಬರಲಾಗದ್ದರಿಂದ ರಜೆ ಕೋರಿ" ಅಂತಿದೆಯೋ ಒಂದು ಸಲ ಓದಿಸಿ. ಇವತ್ತು ಜ್ವರ ಬಂದು, ಇವತ್ತು ನಾಳೆ ರಜೆ ಬೇಕು ಅಂತ ಕೇಳುವ ಪ್ರಶ್ನೆಯೂ ಇರುತ್ತದೆ, ಆಗ "ಬಂದಿದೆ", "ಆಗುವುದಿಲ್ಲ" ಅಂತಲೇ ಬರೆಯಬೇಕು.

---

ಮಲ್ಲಿಗೆ ಮೊಗ್ಗು

ತುಂಬಾ ಥ್ಯಾಂಕ್ಸ್ ಮೇಡಂ. ಈಗಲೇ ಕೂರಿಸುತ್ತೇನೆ.

---

ಎಂಟನೇ ಕ್ಲಾಸಿನ ಅಪ್ಪ

ಎರಡು ವಾರ ಆದಮೇಲೆ ಮತ್ತೆ ಬರೆಯುತ್ತಿದ್ದೇನೆ. ಇಲ್ಲಿ ಹೇಳಿದ ಹಾಗೆ ಮಗಳು ಪತ್ರವನ್ನು ಮತ್ತೆ ಬರೆದು ಟೀಚರ್‌ಗೆ ತೋರಿಸಿದಳು. ಅಂಕ ಬದಲಾಗಲಿಲ್ಲ, ಕೆಳಗೆ "ಚೆನ್ನಾಗಿದೆ" ಅಂತ ಬರೆದು ಕೊಟ್ಟಿದ್ದಾರೆ. ಭಾನುವಾರದ ಬಗ್ಗೆ ಅವಳೇ ಕೇಳಿದ್ದಾಳೆ. "ಅದನ್ನು ನಾನು ನೋಡೇ ಇಲ್ಲ" ಅಂದರಂತೆ.

ಮೊನ್ನೆ ನಿಜವಾಗಿಯೂ ಅವಳ ಅತ್ತೆಯ ಮನೆ ಗೃಹಪ್ರವೇಶ ಬಂತು. ಒಂದು ದಿನ ರಜೆ ಬೇಕಿತ್ತು. ಯಾರ ಸಹಾಯವೂ ಬೇಡ ಅಂತ ತಾನೇ ಕೂತು ಬರೆದಳು. ಇಂದ, ಗೆ, ವಿಷಯ, ತಾರೀಖು, ವಿಧೇಯ, ಎಲ್ಲಾ ಸರಿಯಾಗಿತ್ತು. ಬೆಳಿಗ್ಗೆ ಕೊಟ್ಟು ಬಂದಳು, ಸಂಜೆ ಪತ್ರ ವಾಪಸ್ ಬಂತು. ಅಪ್ಪ ಅಥವಾ ಅಮ್ಮನ ಸಹಿ ಇಲ್ಲವಂತೆ. ವರ್ಕ್‌ಶೀಟಿನಲ್ಲಿ ಎಲ್ಲೂ ಇರಲಿಲ್ಲ ಅಂತ ಈಗ ನನ್ನ ಮೇಲೆ ಸಿಟ್ಟು.